ಮೂರು ಗಂಟೆಯ ಎಚ್ಚರದ ಬಗ್ಗೆ

ಪ್ರೀತಿಯ ವಿದ್ಯಾ,

ನಿನ್ನ ಪತ್ರ ಬಂತು. ಕೆಲಸದ ವಿಷಯ, ಮನೆ ಬದಲಾಯಿಸಿದ್ದು, ಅಮ್ಮನ ಜೊತೆಗಿನ ಮುನಿಸು, ಎಲ್ಲ ಓದಿದೆ. ಅದಕ್ಕೆಲ್ಲ ಆಮೇಲೆ ಬರೆಯುತ್ತೇನೆ. ನಡುವೆ ಒಂದು ಸಾಲು ಬರೆದು ಸುಮ್ನೆ ಮುಂದಕ್ಕೆ ಹೋಗಿದ್ದೀಯ. ಅದು ನನ್ನನ್ನು ಬಿಡುತ್ತಿಲ್ಲ. "ರಾತ್ರಿ ಎರಡು ಪೆಗ್ ಹಾಕಿಕೊಂಡರೆ ನಿದ್ದೆ ಬರುತ್ತೆ. ಆದರೆ ಮೂರು ಗಂಟೆಗೆಲ್ಲ ಎಚ್ಚರವಾಗಿ ಎದೆ ಡವಡವ ಹೊಡೆದುಕೊಳ್ಳುತ್ತೆ, ಟೆನ್ಷನ್ ಅಷ್ಟು ಜಾಸ್ತಿಯಾಗಿದೆ" ಅಂತ.

ನೀನು ಕುಡಿಯುತ್ತೀಯ ಅಂತ ನನಗೇನೂ ಆಕಾಶ ಕಳಚಿ ಬೀಳಲಿಲ್ಲ. ಹೆದರಿಕೆಯಾದದ್ದು ಆ ಕೊನೆಯ ಮಾತಿಗೆ. ಟೆನ್ಷನ್ ಜಾಸ್ತಿಯಾಗಿದೆ, ಅದಕ್ಕೇ ಕುಡಿಯುತ್ತೇನೆ ಅಂದುಕೊಂಡಿದ್ದೀಯ. ಮೂರು ಗಂಟೆಯ ಆ ಟೆನ್ಷನ್ ಎಲ್ಲಿಂದ ಬಂತು ಅಂತ ಮಾತ್ರ ನೋಡಿಲ್ಲ.

ಲೆಕ್ಕ ಹಾಕಿ ನೋಡೋಣ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತೆ. ಮನೆಯಲ್ಲಿ ಕೈಯಳತೆಯಲ್ಲಿ ಹಾಕಿಕೊಂಡ ಪೆಗ್ 60ಕ್ಕಿಂತ ಕಡಿಮೆ ಇರುವುದು ಅಪರೂಪ. ಹಾಗಾದರೆ ಎರಡು ಪೆಗ್‌ಗೆ 40 ಗ್ರಾಂ. ಲಿವರ್ ಗಂಟೆಗೆ ಹೆಚ್ಚುಕಡಿಮೆ 8ರಿಂದ 10 ಗ್ರಾಂ ಕರಗಿಸುತ್ತೆ. ಅದನ್ನು ಬೇಗ ಮಾಡಿಸಲು ಕಾಫಿಯಿಂದಲೂ ಆಗುವುದಿಲ್ಲ, ತಣ್ಣೀರು ಸ್ನಾನದಿಂದಲೂ ಆಗುವುದಿಲ್ಲ. ನೀನು ಹತ್ತು ಗಂಟೆಗೆ ಕೂತರೆ ಎಲ್ಲ ಇಳಿಯುವುದು ಎರಡು, ಮೂರು ಗಂಟೆಯ ಹೊತ್ತಿಗೆ. ದೇಹದಿಂದ ದೇಹಕ್ಕೆ ಸ್ವಲ್ಪ ಆಚೀಚೆ ಆಗಬಹುದು. ಆದರೆ ನಿನ್ನ ಎದೆ ಹೊಡೆದುಕೊಳ್ಳುವುದು ಸರಿಯಾಗಿ ಅದೇ ಹೊತ್ತಿಗೆ, ಅಲ್ವಾ?

ಆಗುವುದು ಇಷ್ಟು. ಮಿದುಳಿನಲ್ಲಿ ಸಮಾಧಾನ ಮಾಡುವ ವ್ಯವಸ್ಥೆಯೂ ಇದೆ, ಎಚ್ಚರಿಸುವ ವ್ಯವಸ್ಥೆಯೂ ಇದೆ. ಮದ್ಯ ಮೊದಲಿನದನ್ನು ಜೋರು ಮಾಡುತ್ತೆ, ಎರಡನೆಯದನ್ನು ಅದುಮುತ್ತೆ. ಮಿದುಳು ಸುಮ್ಮನಿರುವುದಿಲ್ಲ. ಹೊರಗಿನಿಂದ ಯಾರೋ ಬಾಗಿಲು ತಳ್ಳುವಾಗ ಒಳಗಿನವರು ಭುಜ ಕೊಟ್ಟು ನಿಲ್ಲುವ ಹಾಗೆ ಅದೂ ತಿರುಗಿ ತಳ್ಳುತ್ತೆ. ಮದ್ಯ ಇಳಿದಾಗ ಹೊರಗಿನವನು ಇರುವುದಿಲ್ಲ, ಒಳಗಿನ ತಳ್ಳಾಟ ಮಾತ್ರ ಉಳಿದಿರುತ್ತೆ. ಅದೇ ನಿನ್ನ ಡವಡವ, ಬೆವರು, ಸುಮ್ಮಸುಮ್ಮನೆ ನಾಳೆಯ ಯೋಚನೆ. ಯೋಚನೆ ಇರುವುದರಿಂದ ಎದೆ ಹೊಡೆದುಕೊಳ್ಳುತ್ತಿಲ್ಲ. ಎದೆ ಮೊದಲು ಹೊಡೆದುಕೊಳ್ಳುತ್ತೆ, ಮನಸ್ಸು ಅದಕ್ಕೊಂದು ಕಾರಣ ಹುಡುಕುತ್ತೆ. ಆಫೀಸು ಇದ್ದೇ ಇದೆಯಲ್ಲ.

ನಿನ್ನ ದೊಡ್ಡಪ್ಪನ ಕಥೆ ನಿಮಗೆಲ್ಲ ಗೊತ್ತು, ಅದನ್ನು ತೆಗೆಯುವುದಿಲ್ಲ. ಗೊತ್ತಿಲ್ಲದ್ದು ಅವರ ರಾತ್ರಿಗಳು. ಅವರೂ ಅದೇ ಹೊತ್ತಿಗೆ ಏಳುತ್ತಿದ್ದರು. ಮಂಚದ ಅಂಚಿಗೆ ಕೂತು ಎರಡೂ ಅಂಗೈಯನ್ನು ಮೊಣಕಾಲಿಗೆ ಉಜ್ಜುತ್ತಿದ್ದರು. ಬನಿಯನ್ನಿನ ಬೆನ್ನು ಒದ್ದೆಯಾಗಿರುತ್ತಿತ್ತು. "ನಾಳೆ ಮೀಟಿಂಗ್ ಇದೆ, ಅದೇ ತಲೆಯಲ್ಲಿ" ಅನ್ನುತ್ತಿದ್ದರು. ನಾನು ವಾರ್ಡಿನಲ್ಲಿ ಅಂಥದ್ದೇ ಬೆವರು, ಅಂಥದ್ದೇ ನಾಡಿಯನ್ನು ಚಾರ್ಟಿನಲ್ಲಿ ಬರೆದು ಬಂದವಳು. ಮನೆಯಲ್ಲಿ ಮಾತ್ರ ಮೀಟಿಂಗನ್ನೇ ನಂಬಿದೆ. ಮೀಟಿಂಗ್ ಮುಗಿದ ಮೇಲೂ ಏಳುತ್ತಿದ್ದರು. ಆಗ ಇನ್ನೊಂದು ಚಿಂತೆ ಇರುತ್ತಿತ್ತು. ಆಮೇಲಾಮೇಲೆ ಆ ಮೂರು ಗಂಟೆಗೆ ಹೆದರಿಯೇ ಸಂಜೆ ಗ್ಲಾಸ್ ಸ್ವಲ್ಪ ಬೇಗ ಬರತೊಡಗಿತು. ಆ ವರ್ಷಗಳೇ ಬೇರೆ ಥರ ಇರಬಹುದಿತ್ತೇನೋ. ಇರಲಿ.

ನಿನಗೂ ಹಾಗೇ ಆಗುತ್ತೆ ಅಂತ ನಾನು ಹೇಳುತ್ತಿಲ್ಲ. ಎರಡು ಪೆಗ್ ಕುಡಿಯುವವರೆಲ್ಲ ಅಲ್ಲಿಗೆ ಹೋಗುವುದಿಲ್ಲ. ಆದರೆ ಸುತ್ತು ಹೀಗೇ ಕಟ್ಟಿಕೊಳ್ಳುತ್ತೆ ಅನ್ನುವುದನ್ನು ನೀನು ತಿಳಿದಿರಬೇಕು. ಸಂಕಟಕ್ಕೆ ಕುಡಿತ, ಕುಡಿತ ಇಳಿದಾಗ ಸಂಕಟ, ಆ ಸಂಕಟಕ್ಕೆ ಮತ್ತೆ ಕುಡಿತ. ಮೊದಲು ಇದ್ದ ಸಂಕಟ ತೀರಿಹೋಗಿದ್ದರೂ ಸುತ್ತು ನಿಲ್ಲುವುದಿಲ್ಲ.

ಅಭ್ಯಾಸ ಆಗಿಬಿಟ್ಟಿದೆಯೋ ಇಲ್ಲವೋ ಅಂತ ತಿಳಿಯಲು ಡಾಕ್ಟರ್‌ಗಳು ನಾಲ್ಕು ಪ್ರಶ್ನೆ ಕೇಳುವುದುಂಟು. ಕಡಿಮೆ ಮಾಡಬೇಕು ಅನ್ನಿಸಿದೆಯಾ, ಯಾರಾದರೂ ಆಡಿಕೊಂಡಾಗ ಸಿಟ್ಟು ಬಂದಿದೆಯಾ, ತಪ್ಪು ಮಾಡಿದೆ ಅನ್ನಿಸಿದೆಯಾ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗಿದೆಯಾ ಅಂತ. ಎರಡಕ್ಕೆ ಹೌದು ಅಂದರೆ ಕೂರಿಸಿ ವಿಚಾರಿಸುತ್ತಾರೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಅವು ಹಳೆಯ ಕುಡಿತವನ್ನು ಹಿಡಿಯುವಷ್ಟು ಚೆನ್ನಾಗಿ ಹೊಸದನ್ನು ಹಿಡಿಯುವುದಿಲ್ಲ. ನಿನ್ನ ವಿಷಯದಲ್ಲಿ ನಾನಾಗಿದ್ದರೆ ಬೇರೆಯದನ್ನು ನೋಡುತ್ತಿದ್ದೆ. ಮೊದಲು ಯಾವುದಕ್ಕೆ ಕುಡಿಯುತ್ತಿದ್ದೆ, ಈಗ ಯಾವುದಕ್ಕೆಲ್ಲ ಕುಡಿಯುತ್ತೀಯ? ಬಾಸ್ ಬೈದ ದಿನಕ್ಕೆ ಅಂತ ಶುರುವಾದದ್ದು ಬೇಜಾರಿಗೆ, ಒಂಟಿತನಕ್ಕೆ, ಸುಸ್ತಿಗೆ, ಆಮೇಲೆ ಸುಮ್ನೆ ಭಾನುವಾರಕ್ಕೂ ಬಂದಿದೆಯಾ? ಸಂಕಟ ಬಂದ ಮೇಲೆ ಬಾಟಲಿ ನೆನಪಾಗುತ್ತಾ, ಅಥವಾ ಬರಬಹುದು ಅಂತ ಮೊದಲೇ ತಂದಿಟ್ಟಿರುತ್ತೀಯಾ? ಯಾರೋ ಮನೆಗೆ ಬಂದು ಹೊತ್ತಾದರೆ ಒಳಗೇ ಕಿರಿಕಿರಿ ಆಗುತ್ತಾ? ಎಷ್ಟು ಕುಡಿದೆ ಅನ್ನುವುದಕ್ಕಿಂತ ಇವು ಜಾಸ್ತಿ ಹೇಳುತ್ತವೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳುತ್ತೀಯಾ? ಉಪದೇಶ ಅಂದುಕೊಳ್ಳಬೇಡ, ನರ್ಸ್‌ಗಳ ಚಟ ಇದು. ಗ್ಲಾಸಿಗೆ ಹಾಕುವ ಮೊದಲು ಒಂದು ಸಾಲು: ಎಷ್ಟು ಗಂಟೆ, ಏನಾಗಿತ್ತು, ಹೊಟ್ಟೆಗೆ ಏನಾದರೂ ಬಿದ್ದಿತ್ತಾ. ಬೆಳಿಗ್ಗೆ ಒಂದು ಸಾಲು: ಎಷ್ಟು ಅಳತೆ, ಯಾವಾಗ ಎಚ್ಚರವಾಯಿತು, ಎದೆ ಹೇಗಿತ್ತು. ಕುಡಿದ ಮೇಲೆ ಬರೆಯಬೇಡ, ಆಗ ಎಲ್ಲವೂ ಚೆನ್ನಾಗೇ ಕಾಣುತ್ತೆ. ಎರಡು ವಾರ ಬರೆದರೆ ನಾನು ಹೇಳುವುದಕ್ಕಿಂತ ಚೆನ್ನಾಗಿ ಅದೇ ಹೇಳುತ್ತೆ.

ಹೊಟ್ಟೆಯ ವಿಷಯ ಕೇಳಿದ್ದಕ್ಕೆ ಕಾರಣ ಇದೆ. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ಅಂತ ನೀನೇ ಬರೆದಿದ್ದೀಯ. ನನ್ನದು ಬಾಟಲಿಯಲ್ಲ, ಫ್ರಿಜ್. ಡ್ಯೂಟಿ ಮುಗಿಸಿ ರಾತ್ರಿ ಬಂದು ದೀಪ ಹಾಕದೆ, ಫ್ರಿಜ್ಜಿನ ಬೆಳಕಿನಲ್ಲೇ ನಿಂತು ತಿನ್ನುತ್ತಿದ್ದೆ. ಬಡಿಸಿಕೊಂಡರೆ ಊಟ ಅನ್ನಿಸಿಕೊಳ್ಳುತ್ತೆ, ನಿಂತು ತಿಂದರೆ ಲೆಕ್ಕವಿಲ್ಲ ಅಂತ ಇರಬೇಕು! ರುಚಿ ಕೂಡ ಗೊತ್ತಾಗುತ್ತಿರಲಿಲ್ಲ. ಹೊಟ್ಟೆ ಬಿಗಿದು ನೋಯುವ ತನಕ ಕೈ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನನ್ನನ್ನೇ ಬೈದುಕೊಂಡು ತಿಂಡಿ ಬಿಡುತ್ತಿದ್ದೆ, ಮಧ್ಯಾಹ್ನವೂ ಅರೆಹೊಟ್ಟೆ. ರಾತ್ರಿಯ ತಿನ್ನಾಟಕ್ಕೆ ನನ್ನ ನಾಲಿಗೆಯ ಚಪಲ ಕಾರಣ ಅಂದುಕೊಂಡಿದ್ದೆ. ಆ ಬೆಳಗಿನ ಉಪವಾಸವೇ ರಾತ್ರಿಯನ್ನು ತಯಾರು ಮಾಡುತ್ತಿತ್ತು. ಹಗಲು ಸರಿಯಾಗಿ ಉಣ್ಣಲು ಶುರುಮಾಡಿದ ಮೇಲೆಯೇ ಉಳಿದ ದುಃಖ ಎಷ್ಟು ಅಂತ ಬೇರೆಯಾಗಿ ಕಾಣಿಸಿದ್ದು. ದುಃಖ ಇತ್ತು, ಇಲ್ಲ ಅನ್ನಲ್ಲ. ಆದರೆ ಹಸಿವೂ ದುಃಖವೂ ಬೆರೆತಾಗ ಎರಡೂ ದೊಡ್ಡದಾಗಿ ಕಾಣುತ್ತವೆ. ಹೊಟ್ಟೆಯ ಹಸಿವು ನಿಧಾನಕ್ಕೆ ಏರುತ್ತೆ, ಏನು ಸಿಕ್ಕರೂ ತಣಿಯುತ್ತೆ. ಮನಸ್ಸಿನದು ತಟ್ಟನೆ ಬರುತ್ತೆ, ಇಂಥದ್ದೇ ಬೇಕು ಅನ್ನುತ್ತೆ.

ಅದಕ್ಕೇ ನಿನಗೆ ಮೊದಲು ಹೇಳುವುದು, ಏಳು ಗಂಟೆಗೆ ಊಟ ಮಾಡು ಅಂತ. ಇದೇನು ದೊಡ್ಡ ಸಲಹೆ ಅಂತ ನಗಬೇಡ. ಖಾಲಿ ಹೊಟ್ಟೆಯಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತೆ, ಮೊದಲ ಗುಟುಕಿಗೇ ಆ ಹಾಯಾದ ಭಾವ ಬರುತ್ತೆ, ನಿನ್ನನ್ನು ಹಿಡಿದಿರುವುದೂ ಅದೇ. ಉಂಡ ಮೇಲೆ ಅರ್ಧ ಗಂಟೆ ಬಿಟ್ಟು ನೋಡು. ಬೇಕೇ ಬೇಕು ಅನ್ನುವ ಆಸೆ ಏರಿ, ಸ್ವಲ್ಪ ಹೊತ್ತು ನಿಂತು, ಇಳಿಯುತ್ತೆ. ಏರುತ್ತಲೇ ಹೋಗುತ್ತೆ ಅಂತ ನಮಗೆ ಅನ್ನಿಸುವುದು ಇಳಿಯುವ ತನಕ ನಾವು ಕಾಯದೆ ಇರುವುದರಿಂದ.

ಇನ್ನು ನಾನು ಜಾಸ್ತಿ ಹೆದರುವುದು ನೀನು ಬಿಡಲು ಹೊರಡುವ ಆ ಮೊದಲ ದಿನಗಳಿಗೆ. ಬಿಟ್ಟ ಮೊದಲ ಕೆಲವು ರಾತ್ರಿ ನಿದ್ದೆ ಇನ್ನೂ ಕೆಡುತ್ತೆ. ವಿಚಿತ್ರ ಕನಸು ಬೀಳುತ್ತವೆ, ಯಾಕೆಂದರೆ ಮದ್ಯ ಕನಸಿನ ನಿದ್ದೆಯನ್ನೇ ಒತ್ತಿಹಿಡಿದಿತ್ತು. ಅಲ್ಲಿಗೇ ಎಷ್ಟೋ ಜನ "ನೋಡಿದ್ರಾ, ಇದಿಲ್ಲದೆ ನಂಗೆ ನಿದ್ದೇನೇ ಬರಲ್ಲ" ಅಂತ ತೀರ್ಮಾನ ಮಾಡಿ ವಾಪಸ್ ಹೋಗುತ್ತಾರೆ. ಅದು ನಿನ್ನ ನಿಜವಾದ ನಿದ್ದೆಯಲ್ಲ, ಮದ್ಯ ಬಿಟ್ಟು ಹೋಗುವಾಗಿನ ಗಲಾಟೆ. ಹಾಗಂತ ನಿದ್ದೆ ಮಾತ್ರೆ ತಗೊಳ್ಳಬೇಡ. ಕುಡಿದ ರಾತ್ರಿಯಂತೂ ಮುಟ್ಟಲೇಬೇಡ, ಎರಡೂ ಸೇರಿದರೆ ಉಸಿರನ್ನೇ ಅದುಮುತ್ತವೆ. ಆ ದಿನಗಳಲ್ಲಿ ಸಿಹಿ ತಿನ್ನಬೇಕು ಅಂತ ಬಹಳ ಅನ್ನಿಸಬಹುದು. ತಿನ್ನು, ಕೂತು ತಿನ್ನು. ಅದೂ ಪ್ರತಿ ರಾತ್ರಿಯ ಮದ್ದಾದರೆ ನೋಟ್‌ಬುಕ್ಕಿನಲ್ಲಿ ಕಾಣುತ್ತೆ, ಆಗ ನೋಡೋಣ.

ಒಂದೇ ಒಂದು ಮಾತನ್ನು ನೀನು ಮುಚ್ಚಿಡಬಾರದು. ಬೆಳಿಗ್ಗೆ ಕೈ ನಡುಗುತ್ತಾ? ಬೆವರು, ವಾಕರಿಕೆ ಇದೆಯಾ? ಒಂದು ಗುಟುಕು ಕುಡಿದರೆ ಅದು ನಿಲ್ಲುತ್ತಾ? ಹಾಗಿದ್ದರೆ, ಅಥವಾ ನೀನು ಬರೆದ ಎರಡು ಪೆಗ್ ನಿಜವಾಗಿ ಅದಕ್ಕಿಂತ ತುಂಬಾ ಜಾಸ್ತಿಯಾಗಿದ್ದರೆ, ಒಂದೇ ಸಲಕ್ಕೆ ಬಿಡಬೇಡ. ದಿನವೂ ಜಾಸ್ತಿ ಕುಡಿಯುವವರು ದಿಢೀರ್ ನಿಲ್ಲಿಸಿದಾಗ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆ ಅಂತ ತಿಳಿಯದಿರುವುದು ಶುರುವಾಗುತ್ತೆ. ಜೀವಕ್ಕೇ ಅಪಾಯ. ಅಂಥವರನ್ನು ಡಾಕ್ಟರ್ ಔಷಧಿ ಕೊಟ್ಟು ನಿಧಾನವಾಗಿ ಬಿಡಿಸುತ್ತಾರೆ. ನಾಚಿಕೆಯಿಂದ ಒಬ್ಬರೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಟಕ್ಕೆ ಬಿಟ್ಟವರನ್ನು ನಾವು ಸ್ಟ್ರೆಚರ್ ಮೇಲೆ ನೋಡಿದ್ದೇವೆ.

ಡಾಕ್ಟರ್ ಹತ್ತಿರ ಹೋದರೆ ಅಳತೆಯನ್ನು ಸರಿಯಾಗಿ ಹೇಳು. "ಯಾವಾಗಲಾದರೂ ಸ್ವಲ್ಪ" ಅಂದರೆ ಅವರು ಟೆನ್ಷನ್‌ಗೆ ಮಾತ್ರೆ ಬರೆದು ಕಳಿಸುತ್ತಾರೆ, ಮೂರು ಗಂಟೆಯ ಎಚ್ಚರ ಹಾಗೇ ಉಳಿಯುತ್ತೆ. ಬಿಟ್ಟು ಕೆಲವು ವಾರ ಕಳೆದ ಮೇಲೂ ಎದೆ ಹಾಗೇ ಹೊಡೆದುಕೊಂಡರೆ, ಆಗ ಅದು ಬೇರೆಯೇ ವಿಷಯ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಈಗ ಎರಡೂ ಕಲಸಿಹೋಗಿರುವುದರಿಂದ ಯಾರಿಗೂ ಹೇಳಲಾಗುವುದಿಲ್ಲ. ನನಗೂ ಆಗುವುದಿಲ್ಲ, ಇಷ್ಟುದ್ದ ಬರೆದರೂ.

ಅಮ್ಮನಿಗೆ ನಾನು ಹೇಳುವುದಿಲ್ಲ. ಕೈ ನಡುಗುವ ವಿಷಯಕ್ಕೆ ಮಾತ್ರ ಕೂಡಲೇ ಉತ್ತರ ಬರಿ, ಇಲ್ಲವಾದರೆ ಫೋನ್ ಮಾಡು. ಉಳಿದದ್ದಕ್ಕೆಲ್ಲ ಆತುರವಿಲ್ಲ.

ನಿನ್ನ
ದೊಡ್ಡಮ್ಮ