ಪ್ರಿಯ ತುರುವೇಕೆರೆ ಅವರೇ

ಈ ಸಲದ ಸಂಪಾದಕೀಯ ಸಂಘದ ವಿಷಯವಲ್ಲ, ನನ್ನ ಹೊಟ್ಟೆಪಾಡಿನ ವಿಷಯ. ಕಳೆದ ಕಾರ್ಯಕಾರಿ ಸಭೆಯಲ್ಲಿ ಮೂವರು ಒಂದೇ ಪ್ರಶ್ನೆ ಕೇಳಿದರು: "ಗಿರಾಕಿಗಳಿಗೆ ದೀಪಾವಳಿ ಈಮೇಲ್ ಕಳಿಸಬೇಕು, ಫಾರ್ವರ್ಡ್ ತರಹ ಕಾಣಬಾರದು, ಏನು ಬರೆಯೋದು?" ಒಬ್ಬರದು ಹಲ್ಲಿನ ಆಸ್ಪತ್ರೆ, ಒಬ್ಬರದು ಮನೆ ಮಾರಾಟ, ಇನ್ನೊಬ್ಬರದು ಡೇಕೇರ್. ನ್ಯೂಜೆರ್ಸಿಯಲ್ಲಿ ನಾನು ಇನ್ನೊಬ್ಬರ ಜೊತೆ ಸೇರಿ ಟ್ಯಾಕ್ಸ್ ಮತ್ತು ಲೆಕ್ಕಪತ್ರದ ಪುಟ್ಟ ಕಚೇರಿ ನಡೆಸುತ್ತೇನೆ. ಸುಮಾರು ನೂರಾನಲವತ್ತು ಗಿರಾಕಿಗಳು. ಇಂಥ ಹಬ್ಬದ ಪತ್ರದಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಒಂದೊಂದು ವರ್ಷಕ್ಕೆ ಒಂದೊಂದರಂತೆ ಮಾಡಿ ಮುಗಿಸಿದ್ದೇನೆ, ಹಾಗಾಗಿ ಹೇಳುವ ಹಕ್ಕಿದೆ.

ಮೊದಲ ವರ್ಷ ಕಳಿಸಿದ್ದು ಒಂದು ಚಿತ್ರ. ಕಪ್ಪು ಹಿನ್ನೆಲೆ, ಬಂಗಾರದ ಬಣ್ಣದ ಹಣತೆ, ಕೆಳಗೆ ಬಳ್ಳಿ ಬಳ್ಳಿ ಅಕ್ಷರದಲ್ಲಿ "ಬೆಳಕಿನ ಹಬ್ಬವು ತಮ್ಮ ಬಾಳಿನ ಅಂಧಕಾರವನ್ನು ನೀಗಲಿ" ಎಂಬರ್ಥದ ಇಂಗ್ಲಿಷ್. ಎಷ್ಟೋ ಜನರ ಈಮೇಲ್ ಹೊರಗಿನ ಚಿತ್ರಗಳನ್ನು ತಾನಾಗಿ ತೋರಿಸುವುದಿಲ್ಲ. ಅವರಿಗೆ ಕಂಡದ್ದು ಒಂದು ಖಾಲಿ ಚೌಕ, ಅದರ ಕೆಳಗೆ ನನ್ನ ಫೋನ್ ನಂಬರು. ಕಣ್ಣು ಕಾಣದ ಗಿರಾಕಿಯೊಬ್ಬರಿದ್ದಾರೆ, ಅವರ ಕಂಪ್ಯೂಟರು ಪತ್ರಗಳನ್ನು ಓದಿ ಹೇಳುತ್ತದೆ. ಅದು ಓದಿದ್ದು ಚಿತ್ರದ ಫೈಲಿನ ಹೆಸರು, ಅಂಕಿ ಸಮೇತ. ಚಿತ್ರ ಕಂಡವರಿಗೂ ಅದು ಹೊಸದೇನಲ್ಲ. ಆ ಹೊತ್ತಿಗೆ ಅದೇ ಹಣತೆ ಅವರ ವಾಟ್ಸಾಪಿನಲ್ಲಿ ಜೋಡಿ ಬಾಣದ ಗುರುತು ಹೊತ್ತು ನಾಲ್ಕು ಕಡೆಯಿಂದ ಬಂದಿತ್ತು.

ಎರಡನೇ ವರ್ಷ ಜಾಣೆಯಾದೆ ಅಂದುಕೊಂಡು ವಿಷಯದ ಸಾಲಿನಲ್ಲೇ ಕನ್ನಡ ಹಾಕಿದೆ. ಅವಸರದಲ್ಲಿ ಇಂಗ್ಲಿಷ್ ಉಚ್ಚಾರವನ್ನೇ ಹಿಡಿದು "ದಿವಾಳಿ ಶುಭಾಶಯಗಳು" ಎಂದು ಹೊಡೆದುಬಿಟ್ಟಿದ್ದೆ. ಹಾಸನದ ಕಡೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಮೇಡಂ, ಟ್ಯಾಕ್ಸ್ ಆಫೀಸಿನಿಂದ ದಿವಾಳಿ ಅಂತ ಬಂದ್ರೆ ಎದೆ ಧಸಕ್ ಅನ್ನುತ್ತೆ" ಅಂದರು. ಅವರು ನಗುತ್ತಿದ್ದರು, ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಮೂರನೇ ವರ್ಷದ್ದು ಹೆಸರಿನ ಕಥೆ. "ಗೌರವಾನ್ವಿತ ಗ್ರಾಹಕರೇ" ಅಂದರೆ ಬ್ಯಾಂಕಿನವರ ಪತ್ರದ ಹಾಗಿರುತ್ತದೆ, ಪ್ರತಿಯೊಬ್ಬರ ಹೆಸರೂ ಬರಲಿ ಎಂದು ಪಟ್ಟಿಯಿಂದ ಮೊದಲ ಹೆಸರು ತಾನಾಗಿ ಕೂರುವ ಹಾಗೆ ಮಾಡಿದೆ. ಪಟ್ಟಿ ಬಂದದ್ದು ಟ್ಯಾಕ್ಸ್ ಸಾಫ್ಟ್‌ವೇರಿನಿಂದ, ಅದರೊಳಗಿನ ಹೆಸರುಗಳು ಪಾಸ್‌ಪೋರ್ಟ್, ವೀಸಾಗಳಿಂದ. ನಮ್ಮ ಜನರ ಪಾಸ್‌ಪೋರ್ಟು ಗೊತ್ತಲ್ಲ, ಇನಿಷಿಯಲ್ಲನ್ನು ಬಿಡಿಸಿ ಬರೆ ಅಂದಾಗ ಊರಿನ ಹೆಸರು ಮುಂದೆ ಬಂದು ಕೂತಿರುತ್ತದೆ. ಒಬ್ಬರಿಗೆ "ಪ್ರಿಯ ತುರುವೇಕೆರೆ" ಎಂದು ಹೋಯಿತು. ಇನ್ನೊಬ್ಬರಿಗೆ ಅವರ ತೀರಿಹೋದ ತಂದೆಯ ಹೆಸರಿನಲ್ಲಿ ಹೋಯಿತು. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ FNU ಎಂದು ಅಚ್ಚಾಗುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಹಾಗಾಗಿ ಇಬ್ಬರಿಗೆ "ಪ್ರಿಯ FNU, ನಿಮ್ಮಂಥ ಆತ್ಮೀಯರು..." ಎಂದು ಹೋಗಿತ್ತು.

ಆಮೇಲೆ ಪಟ್ಟಿಯಲ್ಲಿ "ಕರೆಯುವ ಹೆಸರು" ಎಂದು ಒಂದು ಕಾಲಂ ಬೇರೆಯಾಗಿ ಮಾಡಿದೆ. ಅದನ್ನು ತುಂಬುವ ಉಪಾಯ ಸುಲಭ: ಅವರು ನಮಗೆ ಬರೆದ ಹಳೆಯ ಈಮೇಲಿನ ಕೊನೆಯಲ್ಲಿ ತಮ್ಮನ್ನು ಏನೆಂದು ಬರೆದುಕೊಂಡಿದ್ದಾರೋ ಅದೇ ಅವರ ಹೆಸರು. ನೂರಾನಲವತ್ತು ಹೆಸರಿಗೆ ಎರಡು ಸಂಜೆ ಹಿಡಿಯಿತು. ಕಳಿಸುವ ಮುಂಚೆ ಆ ಕಾಲಮನ್ನು ಅಕಾರಾದಿಯಾಗಿ ಜೋಡಿಸಿ ಒಮ್ಮೆ ಕಣ್ಣಾಡಿಸಿ. ಒಂಟಿ ಅಕ್ಷರ, ಖಾಲಿ ಮನೆ, FNU ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಇನ್ನೊಂದು, ಎಲ್ಲಿಂದಲೋ ತಂದು ಅಂಟಿಸಿದ ಪತ್ರದಲ್ಲಿ ಹೆಸರಿನ ಅಕ್ಷರ ಒಂದು ಥರ, ಉಳಿದ ಸಾಲು ಇನ್ನೊಂದು ಥರ ಇರುತ್ತದೆ. ಓದುವವರಿಗೆ ಯಂತ್ರದ ಕೆಲಸ ಎಂದು ಗೊತ್ತಾಗುವುದು ಅಲ್ಲೇ. Ctrl+Shift+V ಒತ್ತಿ ಅಂಟಿಸಿ, ಮೊದಲು ನಿಮಗೇ ಒಂದು ಕಳಿಸಿಕೊಂಡು ಫೋನಿನಲ್ಲಿ ನೋಡಿ. ಎಲ್ಲರ ವಿಳಾಸವನ್ನೂ Cc ಯಲ್ಲಿ ಹಾಕಿ ಕಳಿಸುವವರು ಇನ್ನೂ ಇದ್ದಾರೆ. ನಮ್ಮ ಕಸುಬಿನಲ್ಲಿ ಯಾರು ನಮ್ಮ ಗಿರಾಕಿ ಎಂಬುದೇ ಹೊರಗೆ ಬಿಡುವ ಮಾತಲ್ಲ, ಅದನ್ನು ವಿವರಿಸುವುದೂ ಬೇಡ.

ಇಷ್ಟೆಲ್ಲ ಸರಿಯಾದರೂ ಪತ್ರ ತಣ್ಣಗೇ ಇರಬಹುದು. ನನ್ನ ಗಿರಾಕಿಗಳಲ್ಲಿ ಕನ್ನಡಿಗರು ಹದಿನೈದಿಪ್ಪತ್ತು ಮನೆ. ಉಳಿದವರಲ್ಲಿ ಗುಜರಾತಿ ಅಂಗಡಿಯವರು, ಟ್ರಕ್ ಓಡಿಸುವ ಸಿಖ್ಖರು, ಕೇರಳದ ಕ್ರೈಸ್ತ ನರ್ಸುಗಳು, ಪಾಕಿಸ್ತಾನದ ಹೋಟೆಲಿನವರು, ಇಟಾಲಿಯನ್ ಪಿಜ್ಜಾ ಅಂಗಡಿಯ ಅಜ್ಜ. ಎಲ್ಲರನ್ನೂ ಒಳಗೊಳ್ಳಬೇಕು ಎಂದು ಒಂದು ವರ್ಷ ಎಲ್ಲವನ್ನೂ ಸೇರಿಸಿದೆ: ದೀಪಾವಳಿ, ಸಿಖ್ಖರ ಬಂದಿ ಛೋಡ್ ದಿವಸ್, ಮಹಾವೀರ ನಿರ್ವಾಣ, ನೇಪಾಳದ ತಿಹಾರ್, ಗುಜರಾತಿ ಹೊಸ ವರ್ಷ. ಓದಿದರೆ ಸರ್ಕಾರಿ ಸುತ್ತೋಲೆಯಂತಿತ್ತು. ಮರುವರ್ಷ ಅದಕ್ಕೆ ಹೆದರಿ ಹಬ್ಬದ ಹೆಸರೇ ತೆಗೆದು "ಈ ಶುಭ ಕಾಲದಲ್ಲಿ" ಎಂದು ಬರೆದೆ. ಆಗ ಅದು ಯಾರ ಪತ್ರವೂ ಆಗಲಿಲ್ಲ.

ನಡುವೆ ಅಡ್ಡಹೆಸರು ನೋಡಿ ಧರ್ಮ ಊಹಿಸುವ ಬುದ್ಧಿವಂತಿಕೆಯನ್ನೂ ಮಾಡಿದೆ. ಪಟೇಲ್ ಎಂದಿದ್ದವರಿಗೆಲ್ಲ ಗುಜರಾತಿ ಹೊಸ ವರ್ಷದ "ಸಾಲ್ ಮುಬಾರಕ್" ಹೋಯಿತು. ಅವರಲ್ಲಿ ಒಬ್ಬರು ಗುಜರಾತಿನ ಭರೂಚ್ ಕಡೆಯ ಮುಸ್ಲಿಮರು. ಅಲ್ಲಿ ಪಟೇಲ್ ಹೆಸರಿನ ಮುಸ್ಲಿಂ ಮನೆತನಗಳು ಬೇಕಾದಷ್ಟಿವೆ. ಅವರು ಸೌಜನ್ಯದಿಂದಲೇ ಥ್ಯಾಂಕ್ಸ್ ಹೇಳಿದರು, ನನಗೇ ಕಸಿವಿಸಿ. ಪಟೇಲಿಕೆ ಎಂದರೆ ಊರಿನ ಯಜಮಾನಿಕೆ, ಜಾತಿ ಧರ್ಮದ ಗುರುತಲ್ಲ ಎಂದು ಕರ್ನಾಟಕದ ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಈಗ ಒಂದೇ ನಿಯಮ: ಅವರಾಗಿ ಹೇಳಿದ್ದು ಮಾತ್ರ ಲೆಕ್ಕಕ್ಕೆ. ಟ್ರಕ್ಕಿನವರಲ್ಲಿ ಕೆಲವರು, ಈ ದಿನ ತಮಗೆ ಗುರು ಹರಗೋಬಿಂದರು ಗ್ವಾಲಿಯರ್ ಕೋಟೆಯಿಂದ 52 ಅರಸರನ್ನು ಜೊತೆಗೆ ಬಿಡಿಸಿಕೊಂಡು ಬಂದ ದಿನ ಎಂದು ಕೂತು ಹೇಳಿದ್ದಾರೆ. ಅವರ ಪತ್ರದಲ್ಲಿ ಬಂದಿ ಛೋಡ್ ಹೆಸರಿನ ಒಂದು ಸಾಲು ಇರುತ್ತದೆ, ಬೇರೆಯವರ ಪತ್ರದಲ್ಲಿ ಇರುವುದಿಲ್ಲ.

ಉಳಿದವರ ಹಬ್ಬದ ಬಗ್ಗೆ ಮಾತಾಡುವುದನ್ನು ಬಿಟ್ಟು ನನ್ನ ಮನೆಯಲ್ಲಿ ಏನು ನಡೆಯುತ್ತದೆ ಎಂದು ಬರೆದದ್ದು 2025ರಲ್ಲಿ. ಆ ವರ್ಷ ಅಕ್ಟೋಬರ್ 20, ಸೋಮವಾರ ನಸುಕಿಗೆ ನರಕ ಚತುರ್ದಶಿಯ ಎಣ್ಣೆಸ್ನಾನ. ನಮಗೆ ಅಕ್ಟೋಬರ್ 15 ದೊಡ್ಡ ಗಡುವು, ಮುಂದೂಡಿಸಿಕೊಂಡ ವೈಯಕ್ತಿಕ ರಿಟರ್ನುಗಳಿಗೆ ಅದೇ ಕೊನೆ ದಿನ. ಅದಕ್ಕಿಂತ ಮುಂಚೆ ಕಳಿಸಿದರೆ ಹಬ್ಬದ ಪತ್ರಕ್ಕೆ ಉತ್ತರವಾಗಿ ಬಾಕಿ ರಸೀದಿಗಳು ಬರುತ್ತವೆ. ಹಾಗಾಗಿ 17ರ ಶುಕ್ರವಾರ ಬೆಳಿಗ್ಗೆ ಕಳಿಸಿದೆ. ಕಳಿಸಿದ್ದು ಇಂಗ್ಲಿಷಿನಲ್ಲಿ, ನಮ್ಮ ಓದುಗರಿಗಾಗಿ ಕನ್ನಡದಲ್ಲಿ ಕೊಡುತ್ತೇನೆ:

"ವಿಷಯ: ಸೋಮವಾರ ಕಚೇರಿಗೆ ರಜೆ, ಮನೆಯಲ್ಲಿ ದೀಪಾವಳಿ

ನಮಸ್ಕಾರ (ಹೆಸರು),

15ರ ಗಲಾಟೆ ಮುಗಿದು ನಾವಿಬ್ಬರೂ ಈಗಷ್ಟೇ ಉಸಿರು ಬಿಟ್ಟಿದ್ದೇವೆ. ಈ ವಾರಾಂತ್ಯ ನಮ್ಮ ಮನೆಯಲ್ಲಿ ದೀಪಾವಳಿ ಶುರು. ಭಾನುವಾರ ಸಂಜೆ ನೀರಿನ ಪಾತ್ರೆಗಳನ್ನೆಲ್ಲ ತೊಳೆದು, ತುಂಬಿ, ಪೂಜೆ ಮಾಡುತ್ತೇವೆ. ಸೋಮವಾರ ಬೆಳಕು ಹರಿಯುವ ಮೊದಲು ಮನೆಮಂದಿಗೆಲ್ಲ ಎಣ್ಣೆಸ್ನಾನ, ನನ್ನ ಮಗಳ ಪ್ರತಿಭಟನೆಯ ನಡುವೆ.

ನಿಮ್ಮ ಮನೆಯಲ್ಲೂ ಈ ವಾರ ಹಬ್ಬವಿದ್ದರೆ ಶುಭಾಶಯಗಳು. ಇಲ್ಲದಿದ್ದರೆ ಸೋಮವಾರ ಸಂಜೆ ನಮ್ಮ ಬಾಗಿಲಲ್ಲಿ ಹಚ್ಚುವ ದೀಪದಲ್ಲಿ ನಿಮ್ಮ ಪಾಲಿನದೂ ಒಂದು ಎಂದುಕೊಳ್ಳಿ.

ಕಚೇರಿ ಮಂಗಳವಾರ 9 ಗಂಟೆಗೆ ತೆರೆಯುತ್ತದೆ."

ಕೆಳಗೆ ನಮ್ಮಿಬ್ಬರ ಹೆಸರು, ಅಷ್ಟೇ. ಊರಿನ ಬಚ್ಚಲಿನ ಹಂಡೆ ಇಲ್ಲೆಲ್ಲಿ ಬರಬೇಕು, ನಮ್ಮದು ಬಾತ್‌ಟಬ್ಬಿನ ಅಂಚಿನ ಮೇಲೆ ಕೂರಿಸಿದ ತಾಮ್ರದ ಕೊಡ. ಅದರ ಕೊರಳಿಗೆ ಹಿತ್ತಲಿನ ಒಣಗಿದ ಸೌತೆ ಬಳ್ಳಿ ಸುತ್ತುತ್ತೇವೆ. ಅದನ್ನು ಪತ್ರದಲ್ಲಿ ಬರೆಯಲಿಲ್ಲ, ಬರೆಯಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಕಚೇರಿಯ ರಜೆಯ ಮಾತು ಇರುವುದರಿಂದ ಪತ್ರಕ್ಕೆ ಒಂದು ಕೆಲಸವೂ ಇದೆ. ಹಬ್ಬ ಇಲ್ಲದವರಿಗೆ ಇದು ನನಗೇಕೆ ಬಂತು ಎನ್ನಿಸುವುದಿಲ್ಲ. ಪಾಕಿಸ್ತಾನಿ ಹೋಟೆಲಿನವರು, ಚಳಿಯಲ್ಲಿ ತಮ್ಮಮ್ಮ ಎಲ್ಲರನ್ನೂ ಸಾಲಾಗಿ ಕೂರಿಸಿ ತಲೆಗೆ ಸಾಸಿವೆ ಎಣ್ಣೆ ತಿಕ್ಕುತ್ತಿದ್ದರೆಂದು ಉತ್ತರ ಬರೆದರು. ಪಿಜ್ಜಾ ಅಂಗಡಿಯ ಅಜ್ಜ ಫೆಬ್ರವರಿಯಲ್ಲಿ ಪೇಪರು ಹೊತ್ತು ಬಂದಾಗ ಕೇಳಿದ ಮೊದಲ ಮಾತು, ಮಗಳು ಕೊನೆಗೂ ಸ್ನಾನ ಮಾಡಿದಳಾ ಅಂತ. ಹಿಂದಿನ ಹಣತೆಗಳಿಗೆ ಯಾರೂ ಉತ್ತರ ಬರೆದಿರಲಿಲ್ಲ.

"ಇವತ್ತು ದೀಪಾವಳಿ" ಎಂದು ಬರೆಯದಿರುವುದು ಬೇಕೆಂದೇ. 2024ರಲ್ಲಿ ಲಕ್ಷ್ಮೀಪೂಜೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಎಂದು ಪಂಚಾಂಗದವರೇ ಎರಡು ಪಾಲಾಗಿದ್ದರು. ಮೇಲೆ ಇಲ್ಲಿ 31ಕ್ಕೆ ಹ್ಯಾಲೋವೀನ್. ಈ ವಾರ ಎಂದರೆ ಯಾರೊಂದಿಗೂ ತಕರಾರಿಲ್ಲ. ಹಬ್ಬದ ಪತ್ರದ ಬಾಲಕ್ಕೆ "ಈ ತಿಂಗಳು ನೋಂದಾಯಿಸಿದರೆ ಶೇ. 10 ರಿಯಾಯಿತಿ" ಎಂದು ಸೇರಿಸುವ ಆಸೆಯಾಗುತ್ತದೆ, ಡೇಕೇರಿನವರು ಕೇಳಿಯೂ ಕೇಳಿದರು. ಬೇಡ. ಅಮೆರಿಕದ 2003ರ ಈಮೇಲ್ ಕಾನೂನಿನ ಪ್ರಕಾರ ಜಾಹೀರಾತು ಪತ್ರಕ್ಕೆ ಅಂಚೆ ವಿಳಾಸ ಇರಬೇಕು, ಇನ್ನು ಕಳಿಸಬೇಡಿ ಎನ್ನಲು ದಾರಿ ಇರಬೇಕು. ರಿಯಾಯಿತಿ ಸೇರಿದರೆ ನಿಮ್ಮ ಶುಭಾಶಯವೂ ಆ ಸಾಲಿಗೆ ಹೋಗಿ ಕೂರಬಹುದು. ಓದುವವರಂತೂ ಕಾನೂನಿಗೆ ಕಾಯದೆ ಅದನ್ನು ಜಾಹೀರಾತು ಎಂದೇ ಎಣಿಸುತ್ತಾರೆ.

ಕೊನೆಯದು, ನಾನು ಬಹಳ ತಡವಾಗಿ ಕಲಿತದ್ದು. ಮನೆಯಲ್ಲಿ ಸಾವಾಗಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಆ ವರ್ಷ ಹಬ್ಬ ಮಾಡುವುದಿಲ್ಲ. ಡಾಕ್ಟರನ್ನು ಬಿಟ್ಟರೆ ಯಾರ ಮನೆಯಲ್ಲಿ ಸಾವಾಗಿದೆ ಎಂದು ಕಾಗದದಲ್ಲೇ ನೋಡುವವರು ನಾವು. ತೀರಿಕೊಂಡವರ ಕೊನೆಯ ರಿಟರ್ನಿನಲ್ಲಿ ಸತ್ತ ತಾರೀಖು ಬರೆಯುವುದು ನಮ್ಮ ಕೈಯೇ, ಅವರ ಗಂಡನೋ ಹೆಂಡತಿಯೋ ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸುವುದೂ ನಾವೇ. ಹಾಗೆ ತೋರಿಸಿದ್ದ ಒಬ್ಬರಿಗೆ, ಆರೇ ತಿಂಗಳಿಗೆ, "ನಿಮಗೂ ನಿಮ್ಮ ಯಜಮಾನರಿಗೂ" ಎಂದು ನನ್ನ ಶುಭಾಶಯ ಹೋಗಿತ್ತು. ಅವರು ಏನೂ ಅನ್ನಲಿಲ್ಲ. ಮರುವರ್ಷ ಪೇಪರುಗಳೂ ಬರಲಿಲ್ಲ.

ಈಗ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ, ತಲೆಬರಹ ಇಲ್ಲದ್ದು. ಅಲ್ಲಿ ಚುಕ್ಕೆ ಇದ್ದವರಿಗೆ ಹಬ್ಬದ ಪತ್ರ ಹೋಗುವುದಿಲ್ಲ, ಕುಶಲ ವಿಚಾರಿಸಿ ಎರಡು ಸಾಲು ಬೇರೆಯಾಗಿ ಬರೆಯುತ್ತೇನೆ, ಅದರಲ್ಲಿ ಹಬ್ಬ ಎಂಬ ಪದ ಇರುವುದಿಲ್ಲ. ಈ ವರ್ಷ ಏಳು ಚುಕ್ಕೆ. ಉಳಿದ ಪತ್ರ ಬರೆದು ಮುಗಿದಿದೆ. ಈ ಏಳಕ್ಕೆ ಇನ್ನೂ ಕೂತಿಲ್ಲ.