ಹಿಟ್ಟಿನ ವ್ಯಾಪಾರದಲ್ಲಿ ದುಡ್ಡು ಎಲ್ಲಿ ಮುಳುಗುತ್ತದೆ

ಚಿ. ಸಂತೋಷನಿಗೆ ಅಮ್ಮನ ಆಶೀರ್ವಾದಗಳು.

"ಹಾಕಿದ ದುಡ್ಡು ಮುಳುಗಿಹೋದರೆ ಏನಮ್ಮಾ ಮಾಡಲಿ" ಅಂತ ಬರೆದಿದ್ದೀಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ವ್ಯಾಪಾರ ನಿನಗಿಂತ ಹೆಚ್ಚು ಬಲ್ಲವಳೇನಲ್ಲ ನಾನು. ಆದರೆ ಇಡ್ಲಿ-ದೋಸೆ ಹಿಟ್ಟು ಗೊತ್ತು. ಇಷ್ಟು ವರ್ಷ ರುಬ್ಬಿಯೂ ಅದನ್ನು ಮಾರಬಹುದೆಂದು ಹೊಳೆಯದೇ ಹೋಯಿತಲ್ಲ ಅನ್ನುವ ಕೊರಗೂ ಇದೆ.

ಮೂರು ಕೆ.ಜಿ. ಇಡ್ಲಿ ಅಕ್ಕಿ, ಒಂದು ಕೆ.ಜಿ. ಉದ್ದಿನ ಬೇಳೆ, ಎರಡು ಚಮಚ ಮೆಂತ್ಯ. ರುಬ್ಬಿದರೆ ಸುಮಾರು ಒಂಬತ್ತು ಕೆ.ಜಿ. ಹಿಟ್ಟು ಬರುತ್ತದೆ. ಸಾಮಾನು, ಕರೆಂಟು, ಕವರು ಸೇರಿ ಮುನ್ನೂರು ರೂಪಾಯಿ ಅಂದುಕೋ. ಅಂಗಡಿಯವನು ಕೆ.ಜಿ.ಗೆ ಐವತ್ತು ಕೊಟ್ಟರೆ ನಾನೂರೈವತ್ತು ಕೈಗೆ ಬರುತ್ತದೆ. ಕೆ.ಜಿ.ಯ ಮೂರು ಪ್ಯಾಕೆಟ್ ವಾಪಸ್ ಬಂದ ದಿನ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿನ್ನ ಕೂಲಿ ಮಾತ್ರ ಹೋಯಿತು. ದುಡ್ಡು ಮುಳುಗುವುದು ಈ ವಾಪಸ್ ಪ್ಯಾಕೆಟ್‌ಗಳಲ್ಲೇ ಕಣೋ. ಒಂದೂ ಹೋಗದಿದ್ದರೂ ಆ ದಿನಕ್ಕೆ ಮುನ್ನೂರು, ಅಷ್ಟೇ.

ವಾಪಸ್ ಬರುವುದು ಹುಳಿಯಿಂದ. ಉದ್ದನ್ನು ತಣ್ಣೀರು ಚಿಮುಕಿಸುತ್ತಾ ರುಬ್ಬು, ಬಿಸಿಯಾಗಲು ಬಿಡಬೇಡ. ಬಟ್ಟಲು ನೀರಿಗೆ ಒಂದು ಹನಿ ಬಿಟ್ಟಾಗ ತೇಲಿದರೆ ಹದ ಬಂತು. ಪೂರ್ತಿ ಹುದುಗಿದ ಮೇಲೆ ಪ್ಯಾಕ್ ಮಾಡಬೇಡ, ರುಬ್ಬಿದ ಕೂಡಲೇ ತುಂಬಿಸಿ ಫ್ರಿಜ್‌ಗೆ ಇಡು. ಹುದುಗುವಾಗ ಗಾಳಿ ಹುಟ್ಟುತ್ತದೆ, ಆದ್ದರಿಂದ ಕವರಿನಲ್ಲಿ ಮೂರನೇ ಒಂದು ಪಾಲು ಖಾಲಿ ಬಿಡು. ಚೆಂಡಿನ ಹಾಗೆ ಊದಿದ ಪ್ಯಾಕೆಟ್ ಯಾರೂ ಮುಟ್ಟುವುದಿಲ್ಲ. ಕೊಂಡವರು ಬೇಕಾದಾಗ ಹೊರಗಿಟ್ಟು ಹುದುಗಿಸಿಕೊಳ್ಳಲಿ, ಅದನ್ನು ಲೇಬಲ್ ಮೇಲೆ ಬರೆ. ಮಾರುವ ಮುಂಚೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕೇ ಬೇಕು.

ಇನ್ನೊಂದು ಮಾತು. ಕೆಲವು ಅಂಗಡಿಯವರು ಕರೆಂಟು ಉಳಿಸಲು ರಾತ್ರಿ ಫ್ರಿಜ್ ಆರಿಸುತ್ತಾರೆ. ಬೆಳಗ್ಗೆ ಹಿಟ್ಟು ಹುಳಿಯಾದರೆ ಬೈಗುಳ ನಿನಗೆ. ಅದನ್ನು ಮೊದಲೇ ವಿಚಾರಿಸು.

ಮುಳುಗುವ ಭಯ ಆಗಲೂ ಬಿಡದಿದ್ದರೆ ಅದೇ ಅಂಗಡಿಗೆ ಶೇಂಗಾ ಚಟ್ನಿಪುಡಿಯನ್ನೂ ಕೊಡು. ತಿಂಗಳಾದರೂ ಕೆಡುವುದಿಲ್ಲ. ಹುರಿದದ್ದು ಪೂರ್ತಿ ಆರುವ ಮೊದಲು ಮಾತ್ರ ಪುಡಿ ಮಾಡಬೇಡ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಅಣಬೆ ಬಗ್ಗೆ ನೀನು ಕೇಳಿದ್ದೀಯಲ್ಲ. ಚಿಪ್ಪು ಅಣಬೆಯ ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಬಿಸಿನೀರಿನಲ್ಲಿ ಬೇಯಿಸಿದ ಹುಲ್ಲನ್ನು ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಹಸಿರು ಬೂಷ್ಟು ಹಿಡಿದು ಚೀಲವೇ ಹಾಳು. ಬೇಸಿಗೆಯಲ್ಲಿ ನಿನ್ನ ಶೀಟಿನ ರೂಮಿನಲ್ಲಿ ಅದು ಬರಲಾರದು, ಮಳೆಗಾಲಕ್ಕೆ ನೋಡೋಣ.

ಸಾಲ ಮಾಡಿ ದೊಡ್ಡ ಗ್ರೈಂಡರ್ ಕೊಳ್ಳಬೇಡಪ್ಪ. ನಮ್ಮನೆಯ ಎರಡು ಲೀಟರಿನದನ್ನೇ ಬಸ್ಸಿಗೆ ಹಾಕಿಸುತ್ತೇನೆ, ನಾಲ್ಕೈದು ಸಲ ರುಬ್ಬಬೇಕು ಅಷ್ಟೇ. ಬೆಲ್ಟ್ ಸಡಿಲವಾಗಿದೆ, ಬದಲಾಯಿಸಿ ಕಳಿಸುತ್ತೇನೆ.

ನಿನ್ನ ಅಮ್ಮ