ಮಗಳಿಗೊಂದು ಪತ್ರ: ಬಾಸೆಲ್‌ನಿಂದ ಅಜ್ಜನಿಗೆ ಬರೆದಿದ್ದ ಕಾಗದ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ, ಕೊಳೆರೋಗಕ್ಕೆ ಮೂರನೇ ಸಲ ಔಷಧಿ ಹೊಡೆಸಬೇಕು ಅಂತ ಅಪ್ಪ ಕೊನೆಗಾರನ ಹಿಂದೆ ಓಡಾಡುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ನೀನು "ಯಾಕೋ ತುಂಬಾ ನಾಸ್ಟಾಲ್ಜಿಕ್ ಆಗ್ತಿದೆ ಅಮ್ಮಾ" ಅಂದೆಯಲ್ಲ, ಆಮೇಲೆ ನಕ್ಕು ಮಾತು ಬದಲಿಸಿದೆ. ಹೋಗಿ ಆರು ವಾರವೂ ಆಗದವಳು ಯಾವ ಹಳೇ ಕಾಲವನ್ನು ನೆನೆಸಿಕೊಳ್ಳುತ್ತೀಯೆ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆ ಪದದ ಜೊತೆ ನನಗೊಂದು ಹಳೆಯ ಲೆಕ್ಕವಿದೆ.

ಫೋನ್ ಇಟ್ಟವಳೇ ಅಟ್ಟ ಹತ್ತಿ ಅಜ್ಜನ ಟ್ರಂಕು ತೆಗೆದೆ. 1997ರ ನವೆಂಬರಿನಲ್ಲಿ ನಾನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬರೆದ ಕಾಗದ ಅಡಿಕೆ ಮಂಡಿಯ ಚೀಟಿಗಳ ನಡುವೆ ಹಾಗೇ ಇತ್ತು. ಆಗ ನಾನು ಅಲ್ಲಿ ಔಷಧ ವಿಜ್ಞಾನ ಓದುತ್ತಿದ್ದೆ. ಫೋನಿಗೆ ನಿಮಿಷಕ್ಕಿಷ್ಟು ಅಂತ ದುಡ್ಡು ಸುರಿಯಬೇಕಿತ್ತು, ಕಾಗದವೇ ಗತಿ. ಕೊನೆಯ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಇದ್ದ ಹಾಗೆ ಇಳಿಸುತ್ತೇನೆ, ಓದು.

"ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಆರೋಗ್ಯವಾಗಿದ್ದೇನೆ. ಊಟ ನಿದ್ದೆ ಎಲ್ಲ ಸರಿಯಾಗಿದೆ, ಅಮ್ಮನಿಗೆ ಹೇಳಿ. ಇಲ್ಲೊಂದು ತಮಾಷೆಯ ಸಂಗತಿ ಓದಿದೆ, ನಿಮಗೆ ಹಿಡಿಸಬಹುದು. ನಾಸ್ಟಾಲ್ಜಿಯಾ ಎಂಬ ಪದ ಹುಟ್ಟಿದ್ದು ಇದೇ ಊರಿನಲ್ಲಿ, ಇದೇ ವಿಶ್ವವಿದ್ಯಾಲಯದಲ್ಲಿ. ಕವಿಗಳ ಬಾಯಲ್ಲಿ ಹುಟ್ಟಿದ್ದಲ್ಲ, ರೋಗದ ಹೆಸರಾಗಿ ಹುಟ್ಟಿತು. ಯೋಹಾನೆಸ್ ಹೋಫರ್ ಅಂತ ಒಬ್ಬ ವೈದ್ಯ ವಿದ್ಯಾರ್ಥಿ, ವಯಸ್ಸು 19. ಇಲ್ಲಿಂದ ಮೂವತ್ತು ಕಿಲೋಮೀಟರ್ ಆಚೆಯ, ಈಗ ಫ್ರಾನ್ಸಿಗೆ ಸೇರಿದ ಮುಲ್‌ಹೌಸ್ ಊರಿನವನು. 1688ರ ಜೂನ್‌ನಲ್ಲಿ ಲ್ಯಾಟಿನ್ನಿನಲ್ಲಿ ಪ್ರಬಂಧ ಒಪ್ಪಿಸಿದ. ಇಲ್ಲಿಯ ಜನ ಆಡುಮಾತಿನಲ್ಲಿ 'ಹೈಮ್‌ವೇ' ಅನ್ನುತ್ತಿದ್ದರು, ಮನೆನೋವು ಅಂತ. ಪ್ರೊಫೆಸರುಗಳ ಮುಂದೆ ಆಡುಮಾತು ನಡೆಯುವುದಿಲ್ಲವಲ್ಲ. ಮನೆಗೆ ಮರಳುವುದಕ್ಕೆ ಗ್ರೀಕಿನಲ್ಲಿ ನೋಸ್ಟೋಸ್, ನೋವಿಗೆ ಆಲ್ಗೋಸ್. ಎರಡನ್ನೂ ಕೂಡಿಸಿ ನಾಸ್ಟಾಲ್ಜಿಯಾ ಅಂದ.

"ಅವನು ಕೊಡುವ ಮೊದಲ ರೋಗಿಯ ಕತೆ ಕೇಳಿ. ಬರ್ನ್ ಊರಿನ ಹುಡುಗನೊಬ್ಬ ಬಾಸೆಲ್‌ಗೆ ಓದಲು ಬಂದಿದ್ದ. ಬರ್ನ್ ಎಂದರೆ ನಮ್ಮ ಸಾಗರದಿಂದ ಭದ್ರಾವತಿಗೆ ಹೋದಷ್ಟು ದೂರ, ಈಗ ರೈಲಿನಲ್ಲಿ ಒಂದು ಗಂಟೆಯ ಹಾದಿ. ಹುಡುಗ ಮೊದಲು ಮಂಕಾದ. ಆಮೇಲೆ ಬಿಡದ ಜ್ವರ, ಎದೆಯಲ್ಲಿ ತಳಮಳ. ದಿನದಿನಕ್ಕೂ ಹೆಚ್ಚಾಯಿತು. ಇನ್ನು ಉಳಿಯುವುದಿಲ್ಲ ಅಂತ ಅವನಿಗಾಗಿ ಸಾರ್ವಜನಿಕ ಪ್ರಾರ್ಥನೆಯೂ ನಡೆಯಿತಂತೆ. ಕಡೆಗೆ ಎನಿಮಾ ಕೊಡಲು ಔಷಧಿಯವನೊಬ್ಬನನ್ನು ಕರೆಸಿದರು. ಅವನು ಹುಡುಗನನ್ನು ನೋಡಿ, ಇದು ಮನೆನೋವು, ಊರಿಗೆ ಕಳಿಸುವುದಲ್ಲದೆ ಬೇರೆ ಮದ್ದಿಲ್ಲ ಅಂದ. ಹೊರಡಲು ತಯಾರಿ ನಡೆದಿದ್ದೇ ಹುಡುಗನ ಉಸಿರು ಸಲೀಸಾಯಿತು. ಡೋಲಿಯಂಥದ್ದರಲ್ಲಿ ಮಲಗಿಸಿ ಹೊತ್ತುಕೊಂಡು ಹೋದರು. ಬಾಸೆಲ್ ದಾಟಿ ಕೆಲವು ಮೈಲಿಯೂ ಆಗಿರಲಿಲ್ಲ, ಲಕ್ಷಣಗಳೆಲ್ಲ ಇಳಿದವು. ಬರ್ನ್ ಹೊಗುವ ಮೊದಲೇ ಪೂರ್ತಿ ಗುಣ. ನೋಡಿದಿರಾ, ರೋಗ ಗುರುತಿಸಿದವನು ಡಾಕ್ಟರಲ್ಲ, ನಮ್ಮ ಕಸುಬಿನವನು!

"ಇನ್ನೊಬ್ಬಳು ಹಳ್ಳಿಯ ಹುಡುಗಿ. ಎತ್ತರದಿಂದ ಬಿದ್ದು ಎಚ್ಚರ ತಪ್ಪಿದವಳನ್ನು ಆಸ್ಪತ್ರೆಗೆ ಸೇರಿಸಿದರು. ಕಣ್ಣು ಬಿಟ್ಟರೆ ಸುತ್ತ ಗುರುತಿಲ್ಲದ ಮುದುಕಿಯರು. ಅನ್ನ ಮುಟ್ಟಲಿಲ್ಲ, ಔಷಧಿ ಉಗುಳಿದಳು. ಏನು ಕೇಳಿದರೂ ಒಂದೇ ಮಾತು: ನಾನು ಮನೆಗೆ ಹೋಗಬೇಕು, ನಾನು ಮನೆಗೆ ಹೋಗಬೇಕು. ಮನೆಗೆ ಕರೆದೊಯ್ದ ಮೇಲೆ ಕೆಲವೇ ದಿನಗಳಲ್ಲಿ, ಮದ್ದಿಲ್ಲದೆ ಎದ್ದು ಕೂತಳು."

ಇಷ್ಟು ಬರೆದು, ಚಳಿ ಜಾಸ್ತಿ, ಸ್ವೆಟರ್ ಕೊಂಡೆ ಅಂತ ಮುಗಿಸಿದ್ದೇನೆ. ಈಗ ನಿನಗೆ ಹೇಳಬಹುದು ಪುಟ್ಟಿ, ಆ ಕಾಗದದ ಮೊದಲ ನಾಲ್ಕು ಸಾಲು ಶುದ್ಧ ಸುಳ್ಳು. ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾದರೆ ನಮ್ಮ ಒಲೆಯ ಮೇಲೆ ತೆಳ್ಳೇವಿನ ಹಿಟ್ಟು ಚುಂಯ್ ಎನ್ನುವ ಸದ್ದು ಕಿವಿಯಲ್ಲಿ. ಗ್ರಂಥಾಲಯದಲ್ಲಿ ಬೇರೇನೋ ಹುಡುಕುವಾಗ ಹೋಫರನ ಪ್ರಬಂಧದ ಇಂಗ್ಲಿಷ್ ಅನುವಾದ ಸಿಕ್ಕಿತ್ತು, 1934ರದ್ದು. ಅದರಲ್ಲಿ ಅವನು ಕೊಡುವ ಲಕ್ಷಣಗಳನ್ನು ಓದುತ್ತ ನನಗೇ ಟಿಕ್ ಹಾಕಿಕೊಂಡೆ. ಬಿಡದ ದುಗುಡ, ಊರಿನದೇ ಧ್ಯಾನ, ಕೆಟ್ಟ ನಿದ್ದೆ, ಹಸಿವಿಲ್ಲ, ಎದೆ ಡವಡವ, ಆಗಾಗ ನಿಟ್ಟುಸಿರು. ಮನೆಯ ಬೆಳಗಿನ ಸೂಪು, ಊರಿನ ಹಾಲು ಸಿಗದೆ ಹುಡುಗರು ಹೇಗೆ ಕೊರಗುತ್ತಾರೆ ಅಂತಲೂ ಬರೆದಿದ್ದ. ನನ್ನ ಸಂಕಟ ಹೇಳಿಕೊಳ್ಳಲು ಧೈರ್ಯವಿರಲಿಲ್ಲ, ಬರ್ನಿನ ಹುಡುಗನ ಹೆಗಲಿಗೆ ಹಾಕಿದೆ.

ಹೋಫರ್ ಕೊಟ್ಟ ಕಾರಣ ಈಗ ನಗು ತರಿಸುತ್ತದೆ. ಮಿದುಳಿನ ನಡುಭಾಗದ ನಾರುಗಳಲ್ಲಿ ತಾಯ್ನಾಡಿನ ಚಿತ್ರಗಳು ಅಚ್ಚೊತ್ತಿರುತ್ತವಂತೆ. ಜೀವಚೈತನ್ಯ ಬೇರೆಲ್ಲೂ ಹರಿಯದೆ ಅದೇ ದಾರಿಯಲ್ಲಿ ಓಡಾಡಿ ಓಡಾಡಿ, ಹೊಟ್ಟೆಗೂ ಉಸಿರಿಗೂ ಬೇಕಾದದ್ದು ಸಾಲದೆ ಬರುತ್ತದಂತೆ. ತೋಟದಲ್ಲಿ ನೀರೆಲ್ಲ ಒಂದೇ ಕಾದಿಗೆಗೆ ನುಗ್ಗಿದರೆ ಉಳಿದ ಮರಗಳು ಒಣಗುತ್ತವಲ್ಲ, ಹಾಗೆ. ಚಿಕಿತ್ಸೆಯಲ್ಲಿ ಮಾತ್ರ ಅವನು ಜಾಣ. ಭೇದಿಗೆ, ನಿದ್ದೆಗೆ ಅಂತ ಆಗಿನ ಕಾಲದ ಔಷಧಿಗಳನ್ನು ಹೇಳುತ್ತಾನೆ ನಿಜ. ಆದರೆ ಮುಖ್ಯವಾದದ್ದು, ಮರಳುವ ಭರವಸೆ ಕೊಡಿ. ಅದಕ್ಕೂ ಬಗ್ಗದಿದ್ದರೆ ರೋಗಿ ಎಷ್ಟೇ ನಿತ್ರಾಣವಾಗಿರಲಿ, ತಡಮಾಡದೆ ಮನೆಗೆ ಸಾಗಿಸಿ ಅಂತ.

ಅವನ ನಂತರದ ಪಂಡಿತರು ಇನ್ನೂ ಸ್ವಾರಸ್ಯ. ಜ್ಯೂರಿಕ್‌ನ ಶಾಯ್ಖ್‌ಸರ್ ಎಂಬ ವಿದ್ವಾಂಸ 1705ರ ಹೊತ್ತಿಗೆ ಇದೆಲ್ಲ ಗಾಳಿಯ ಭಾರದ ಮಹಿಮೆ ಅಂದ. ಸ್ವಿಸ್ ಜನ ಬೆಟ್ಟದ ತೆಳು ಗಾಳಿಯಲ್ಲಿ ಬೆಳೆದವರು, ಬಯಲಿಗಿಳಿದರೆ ಅಲ್ಲಿಯ ದಪ್ಪ ಗಾಳಿ ಮೈಯನ್ನು ಒತ್ತಿ ರಕ್ತದ ಓಟ ಕೆಡಿಸುತ್ತದೆ, ರೋಗಿಯನ್ನು ಗುಡ್ಡಕ್ಕೋ ಎತ್ತರದ ಗೋಪುರಕ್ಕೋ ಹತ್ತಿಸಿ. ನಮ್ಮ ಸಾಗರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ, ಬಾಸೆಲ್ 260ರ ಆಸುಪಾಸು. ಅವನ ಲೆಕ್ಕದಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬಯಲಿಗಿಳಿದು ಕಾಯಿಲೆ ಬಿದ್ದವಳು ನಾನು! ಕೆಂಪು ಕಲ್ಲಿನ ಚರ್ಚಿನ ಗೋಪುರವನ್ನು ಒಂದು ಭಾನುವಾರ ಹತ್ತಿಯೂ ನೋಡಿದೆ. ಮೊಣಕಾಲು ನೋಯಿತು, ಮತ್ತೇನಿಲ್ಲ.

ಹೊರದೇಶಗಳಲ್ಲಿ ಕೂಲಿಗೆ ಯುದ್ಧ ಮಾಡುತ್ತಿದ್ದ ಸ್ವಿಸ್ ಸಿಪಾಯಿಗಳಿಗೆ ಈ ರೋಗ ಹೆಚ್ಚು ಅಂಟುತ್ತದೆ ಎಂಬ ನಂಬಿಕೆಯಿತ್ತು. ಆಲ್ಪ್ಸ್‌ನಲ್ಲಿ ದನ ಕರೆಯುವ ರಾಗ ಕೇಳಿದರೆ ಅವರು ಅಳುತ್ತಾರೆ, ಓಡಿಹೋಗುತ್ತಾರೆ, ಸಾಯುತ್ತಾರೆ, ಅದಕ್ಕೇ ಪಡೆಯಲ್ಲಿ ಆ ರಾಗ ನುಡಿಸಿದರೆ ಮರಣದಂಡನೆ ಅಂತ ರೂಸೋ ತನ್ನ 1768ರ ಸಂಗೀತ ನಿಘಂಟಿನಲ್ಲಿ ಬರೆದ. ಅಂಥ ಆಜ್ಞೆ ಇತ್ತೆಂದು ಅವನೊಬ್ಬನ ಮಾತಿನ ಮೇಲೆ ನಾನು ನಂಬಲಾರೆ. ಆದರೂ ಅದರಲ್ಲಿ ಅವನೇ ಹೇಳುವ ಒಂದು ಮಾತು ಸರಿ, ಆ ಶಕ್ತಿ ರಾಗದ್ದಲ್ಲ, ರಾಗ ತರುವ ನೆನಪಿನದು.

ಔಷಧಿಯವಳಾಗಿ ಒಂದು ಮಾತು ಹೇಳಿಬಿಡುತ್ತೇನೆ. ಬರ್ನಿನ ಹುಡುಗನ ಜ್ವರ ಬೇರೆ ಯಾವುದೋ ಸೋಂಕಿನದಿರಬಹುದು, ತಾನಾಗಿ ಇಳಿಯುವ ಹೊತ್ತಿಗೆ ಡೋಲಿ ಹೊರಟಿರಬಹುದು. ಒಬ್ಬ ರೋಗಿಯ ಕತೆಯಿಂದ ಅದನ್ನು ಬಿಡಿಸಿ ಹೇಳಲಾಗುವುದಿಲ್ಲ. ಮುಂದೆ ಶವಪರೀಕ್ಷೆ, ರೋಗಾಣು ವಿಜ್ಞಾನ ಬೆಳೆದ ಮೇಲೆ ವೈದ್ಯರು ಅಂಥವರಲ್ಲಿ ಕ್ಷಯ ಮೊದಲಾದ ಬೇರೆ ರೋಗಗಳನ್ನು ಕಾಣತೊಡಗಿದರು. ಅಮೆರಿಕದ ಅಂತರ್ಯುದ್ಧದಲ್ಲೂ ಉತ್ತರದ ಸೇನೆಯ ವೈದ್ಯರು ಐದು ಸಾವಿರಕ್ಕೂ ಹೆಚ್ಚು ಸಿಪಾಯಿಗಳ ಹೆಸರಿನ ಮುಂದೆ ನಾಸ್ಟಾಲ್ಜಿಯಾ ಅಂತಲೇ ಬರೆದಿದ್ದರು. ಆಮೇಲೆ ಮೆಲ್ಲಗೆ ಅದು ವೈದ್ಯರ ಪಟ್ಟಿಯಿಂದ ಜಾರಿ, ಹಳೆಯ ದಿನಗಳ ಹಳಹಳಿಕೆಗೆ ಹೆಸರಾಯಿತು. ಅಂದರೆ ಊರಿನ ರೋಗ ಕಾಲದ ರೋಗವಾಯಿತು. ಊರಿಗಾದರೆ ಬಸ್ಸಿದೆ.

ಈ ತಿರುವನ್ನು ಬಹಳ ಮೊದಲೇ ಕಂಡವನು ಜರ್ಮನಿಯ ತತ್ವಜ್ಞಾನಿ ಕ್ಯಾಂಟ್. 1798ರಲ್ಲಿ ಅವನು ಬರೆಯುತ್ತಾನೆ: ಹಂಬಲಿಸಿ ಊರಿಗೆ ಮರಳಿದ ಸ್ವಿಸ್ ಜನ ಅಲ್ಲಿ ನಿರಾಶರಾಗುತ್ತಾರೆ, ಹಾಗಾಗಿಯೇ ಗುಣವೂ ಆಗುತ್ತಾರೆ. ಊರು ಬದಲಾಯಿತು ಅಂದುಕೊಳ್ಳುತ್ತಾರೆ. ಅವರು ಬಯಸಿ ಬಂದದ್ದು ತಮ್ಮ ಎಳೆಯ ಪ್ರಾಯವನ್ನು, ಅದನ್ನು ಯಾರೂ ತಂದುಕೊಡಲಾರರು.

ಅಜ್ಜನ ಉತ್ತರಕ್ಕೆ ಇಪ್ಪತ್ತೈದು ದಿನ ಕಾದೆ. ಅದು ನನ್ನ ಹತ್ತಿರವೇ ಇದೆ. ಹೋಫರನ ಬಗ್ಗೆ ಒಂದಕ್ಷರವಿಲ್ಲ. "ಆ ಹುಡುಗನ ಡೋಲಿಯ ಖರ್ಚು ಯಾರು ಕೊಟ್ಟರೋ ತಿಳಿಯಲಿಲ್ಲ. ಈ ಸಲದ ಅಡಿಕೆ ಹಣದಲ್ಲಿ ನಿನ್ನ ಟಿಕೆಟ್ಟಿಗೆಂದು ಬೇರೆ ತೆಗೆದಿಟ್ಟಿದ್ದೇನೆ. ಯಾವಾಗ ಬೇಕಾದರೂ ಹೊರಡು, ಯಾಕೆ ಬಂದೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ." ಕೆಳಗೆ ಅಜ್ಜಿಯ ದುಂಡು ಅಕ್ಷರ: "ಇದಕ್ಕೆ ಡಾಕ್ಟರು ಹೆಸರು ಇಡಬೇಕಿತ್ತಾ? ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಆಷಾಢಕ್ಕೆ ತವರಿಗೆ ಕರೆದೊಯ್ಯುವ ತನಕ ಅನ್ನವೇ ಸೇರುತ್ತಿರಲಿಲ್ಲ. ಆಷಾಢಕ್ಕೆ ಇಷ್ಟೇ ದಿನ ಅಂತ ಗೋಡೆಯ ಮೇಲೆ ಮಸಿಯಲ್ಲಿ ಗೀಟು ಹಾಕುತ್ತಿದ್ದೆ. ಗೀಟು ಹಾಕಿದ ರಾತ್ರಿ ನಿದ್ದೆ ಬರುತ್ತಿತ್ತು."

ಅವತ್ತು ರಾತ್ರಿ ನಾನು ಎಂಟು ಗಂಟೆ ನಿದ್ದೆ ಮಾಡಿದೆ. ಟಿಕೆಟ್ ತೆಗೆಸಲಿಲ್ಲ. ಹೊರಡುವ ತಯಾರಿಗೇ ಬರ್ನಿನ ಹುಡುಗನ ಉಸಿರು ಸಲೀಸಾಯಿತು ಅಂತ ನಾನೇ ಬರೆದಿದ್ದೆ, ಅಜ್ಜ ಅದನ್ನು ಓದಿಕೊಂಡಿದ್ದರು.

ಎರಡು ವರ್ಷದ ಮೇಲೆ ಬಂದಾಗ ಸೌದೆ ಒಲೆ ಹೋಗಿ ಗ್ಯಾಸ್ ಬಂದಿತ್ತು. ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿದು ಅಜ್ಜಿಯ ಗೀಟುಗಳೂ ಹೋಗಿದ್ದವು. ಅಜ್ಜಿಗೆ ಕೆಮ್ಮು ಕಡಿಮೆಯಾಗಿತ್ತು, ಖುಷಿಯಲ್ಲಿದ್ದರು. ನಾನು ಮಾತ್ರ ಒಂದು ವಾರ ಮುಖ ಊದಿಸಿಕೊಂಡು ಕೂತಿದ್ದೆ. ಕ್ಯಾಂಟ್ ನೆನಪಾದ, ಬೈದೆ.

ಡಿಸೆಂಬರಿನ ಟಿಕೆಟ್ಟಿನ ವಿಷಯ ಅಪ್ಪನ ಹತ್ತಿರ ಮಾತಾಡಿ ಇಟ್ಟಿದ್ದೇನೆ, ನೀನು ಹೂಂ ಅಂದರೂ ಸರಿ, ಊಹೂಂ ಅಂದರೂ ಸರಿ. ಅಪ್ಪೆಮಿಡಿ ಉಪ್ಪಿನಕಾಯಿ ಪಾರ್ಸೆಲ್‌ನಲ್ಲಿ ಹೊರಟಿದೆ, ಎಣ್ಣೆ ಸೋರಿದ್ದರೆ ಕವರು ಬದಲಿಸಿಕೋ. ನಿನ್ನ ಕೋಣೆಗೆ ಬೇರೆ ಬಣ್ಣ ಹೊಡೆಸುತ್ತೇನೆ ಅಂತ ಅಪ್ಪ ಪೇಂಟರನ್ನು ಕರೆಸಿದ್ದರು. ನೀನು ಬಂದು ನೋಡುವವರೆಗೆ ಬೇಡ ಅಂತ ವಾಪಸ್ ಕಳಿಸಿದೆ.

ಇಂತಿ,
ನಿನ್ನ ಅಮ್ಮ